ಪಾದದ ಅಳತೆ: ತಟ್ಟೆಯ ಮೇಲೋ, ಕಾಗದದ ಮೇಲೋ? ಮೊದಲು ಹೆಬ್ಬೆರಳ ಗಂಟು ಹುಡುಕಿ

ನಮ್ಮದು ಅಥಣಿ. ಮನೆಯಲ್ಲೇ ಚಪ್ಪಲಿ ಹೊಲಿಯುತ್ತೇವೆ. ಚರ್ಮದ ಕೆಲಸವೆಲ್ಲ ಕಾಕಾ ಅವರದ್ದು. ಅಳತೆ, ಆರ್ಡರು, ಪಾರ್ಸಲ್ಲು ನನ್ನದು. ಹೀಗಾಗಿ ಚಪ್ಪಲಿ ವಾಪಸ್ ಬಂದರೆ ಬೈಗುಳವೂ ನನ್ನ ಪಾಲಿಗೇ.

ಒಮ್ಮೆ ವಿಜಯಪುರದ ಒಬ್ಬ ಮಾಸ್ತರು ಫೋನ್ ಮಾಡಿದರು.

"ಏನ್ರೀ, ಆರ್ ನಂಬರ್ ಹೇಳಿದ್ರ ಸಣ್ಣದು ಕಳ್ಸೀರಿ. ಹಿಮ್ಮಡ ಹೊರಗ ಬರತೈತ್ರಿ."

"ಮುಂದ ಹೆಂಗೈತ್ರಿ ಸರ? ಬೆರಳು ತಾಗ್ತಾವೇನ್ರಿ?"

"ಇಲ್ರಿ, ಮುಂದ ಇನ್ನೂ ಒಂದ್ ಬಟ್ಟಿನಷ್ಟು ಜಾಗಾ ಐತಿ!"

ಮುಂದೆ ಜಾಗ ಉಳಿದಿದೆ, ಹಿಂದೆ ಹಿಮ್ಮಡಿ ಹೊರಗೆ. ಚಪ್ಪಲಿ ಸಣ್ಣದಾಗಿದ್ದರೆ ಬೆರಳೂ ಹೊರಗೆ ಬರಬೇಕಿತ್ತು ಅಲ್ವಾ? ಆಗ ನನಗೆ ಅಷ್ಟು ಹೊಳೆಯಲಿಲ್ಲ. "ಕಾಲಿನ ಗೆರೆ ಎಳೆದು ಫೋಟೋ ಕಳಿಸಿ, ಉದ್ದ ಬರೆಯಿರಿ" ಎಂದೆ. ಅವರು ಹಾಳೆಯ ಮೇಲೆ ಕಾಲಿಟ್ಟು ಗೆರೆ ಎಳೆದು 248 ಮಿಲಿಮೀಟರ್ ಅಂತ ಬರೆದು ಕಳಿಸಿದರು. ನಮ್ಮ ಲೆಕ್ಕದಲ್ಲಿ ಅದು ಆರು ನಂಬರೇ. ಸರಿ, ಮೊದಲನೆಯದರಲ್ಲೇ ಏನೋ ಎಡವಟ್ಟಾಗಿರಬೇಕು ಅಂದುಕೊಂಡು ಮತ್ತೊಂದು ಆರು ನಂಬರ್ ಮಾಡಿ ಕಳಿಸಿದೆವು. ಅದರಲ್ಲೂ ಹಿಮ್ಮಡಿ ಹೊರಗೇ.

ಮಾಸ್ತರು ಸಂತೆಯ ನೆಪದಲ್ಲಿ ಒಮ್ಮೆ ಖುದ್ದು ಬಂದರು. ಲೋಹದ ಅಳತೆ ತಟ್ಟೆಯ ಮೇಲೆ ಅವರ ಕಾಲು ಇಟ್ಟ ಮೇಲೆ ಗೊತ್ತಾಯಿತು, ಇಬ್ಬರೂ ತಪ್ಪು ಉದ್ದವನ್ನು ಅಳೆಯುತ್ತಿದ್ದೆವು. ಪಾದಕ್ಕೆ ಒಂದಲ್ಲ, ಎರಡು ಉದ್ದ ಇದೆ. ಹಿಮ್ಮಡಿಯಿಂದ ಬೆರಳ ತುದಿಗೆ ಒಂದು. ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗಂಟಿಗೆ ಇನ್ನೊಂದು. ಮಾಸ್ತರ ಕಾಲಲ್ಲಿ ಮೊದಲನೆಯದು ಆರು ಎನ್ನುತ್ತಿತ್ತು, ಎರಡನೆಯದು ಏಳು ಎನ್ನುತ್ತಿತ್ತು.

ಗಂಟು ಅಂದರೆ ಯಾವುದು?

ಬರಿಗಾಲಲ್ಲಿ ನಿಂತು ಹೆಬ್ಬೆರಳ ಕಡೆ ನೋಡಿ. ಬೆರಳು ಪಾದಕ್ಕೆ ಸೇರುವ ಜಾಗದಲ್ಲಿ, ಒಳಬದಿಗೆ, ಒಂದು ಉಬ್ಬು ಇರುತ್ತದೆ. ಅದರೊಳಗೆ ಕೀಲು ಇದೆ. ಹೆಜ್ಜೆ ಹಾಕುವಾಗ ಹಿಮ್ಮಡಿ ಮೇಲೇಳುತ್ತದೆ, ಬೆರಳು ನೆಲದಲ್ಲೇ ಉಳಿಯುತ್ತದೆ. ಆಗ ಪಾದ ಬಾಗುವುದು ಈ ಕೀಲಿನ ಹತ್ತಿರ.

ಬೂಟು ಕೂಡ ಒಂದೇ ಜಾಗದಲ್ಲಿ ಬಾಗುವಂತೆ ಮಾಡಿರುತ್ತಾರೆ. ಹಿಂದಿನ ಭಾಗ, ಅಂದರೆ ಅಂಗಾಲಿನ ಕಮಾನಿನ ಕೆಳಗೆ, ಗಟ್ಟಿ. ಅದರ ಮುಂದೆ ಬಾಗುವ ಜಾಗ, ಅಲ್ಲೇ ಬೂಟಿನ ಅಗಲವೂ ಹೆಚ್ಚು. ಪಾದದ ಕೀಲು ಮತ್ತು ಬೂಟಿನ ಬಾಗು ಒಂದೇ ಜಾಗಕ್ಕೆ ಬಂದರೆ ನಡೆಯುವಾಗ ಬೂಟು ಇದೆ ಎಂದೇ ಅನಿಸುವುದಿಲ್ಲ. ಕೀಲು ಮುಂದಕ್ಕೆ ಬಿದ್ದರೆ ಪಾದದ ಅಗಲವಾದ ಭಾಗ ಬೂಟು ಕಿರಿದಾಗುವ ಕಡೆ ಸಿಕ್ಕಿಕೊಳ್ಳುತ್ತದೆ. ಮೇಲಿನ ಚರ್ಮದ ಮಡಿಕೆ ಕೀಲಿನ ಹಿಂದೆ ಬಿದ್ದು ಒತ್ತುತ್ತದೆ. ಜನ ಆಗ "ಬೂಟು ಬಿಗಿ" ಅನ್ನುತ್ತಾರೆ, ಅಂಗಡಿಯವನು ಅಗಲದ್ದು ಕೊಡುತ್ತಾನೆ, ಬಿಗಿ ಹೋಗುವುದಿಲ್ಲ. ಯಾಕಂದರೆ ತಪ್ಪು ಅಗಲದ್ದಲ್ಲ.

ನಮ್ಮ ಅಥಣಿ ಚಪ್ಪಲಿಯಲ್ಲಿ ಇದು ಇನ್ನೂ ಬೇಗ ಬಯಲಾಗುತ್ತದೆ. ಹೆಬ್ಬೆರಳು ತೂರಿಸುವ ಉಂಗುರವನ್ನು ಅಟ್ಟೆಗೆ ಸೇರಿಸಿ ಹೊಲಿದಿರುತ್ತೇವೆ, ಅದು ಹಿಂದೆ ಮುಂದೆ ಸರಿಯುವುದಿಲ್ಲ. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದು ಉಂಗುರಕ್ಕೆ ತಾಗಿದ ಕೂಡಲೇ ಕಾಲು ನಿಲ್ಲುತ್ತದೆ. ಮುಂದೆ ಎಷ್ಟೇ ಜಾಗ ಇದ್ದರೂ ಪಾದ ಅಲ್ಲಿಂದ ಮುಂದೆ ಹೋಗಲಾರದು. ಮಾಸ್ತರ ಪಾದದಲ್ಲಿ ಹಿಮ್ಮಡಿಯಿಂದ ಗಂಟಿನವರೆಗಿನ ಭಾಗ ಉದ್ದ, ಬೆರಳು ಗಿಡ್ಡ. ಸಂದು ಉಂಗುರಕ್ಕೆ ತಾಗುವ ಹೊತ್ತಿಗೆ ಹಿಮ್ಮಡಿ ಇನ್ನೂ ಹಿಂದೆಯೇ ಇತ್ತು.

(ಸಂದರ್ಭ ಬಂತು ಅಂತ ಹೇಳುತ್ತೇನೆ. ಕೊಲ್ಹಾಪುರಿ ಅಂತ ಮಾರಾಟವಾಗುವ ಚಪ್ಪಲಿಗಳಲ್ಲಿ ಎಷ್ಟೋ ಅಥಣಿ, ನಿಪ್ಪಾಣಿ ಕಡೆಯವೇ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಕ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಅದರಲ್ಲಿ ಸೇರಿದವು. ಹೆಸರು ಮಾತ್ರ ಅವರ ಊರಿನದೇ ಉಳಿಯಿತು.)

ಅಳತೆ ತಟ್ಟೆಯ ಮೇಲೆ

ನಾನು ತಟ್ಟೆ ಅನ್ನುತ್ತಿರುವುದು ಬ್ರಾನಾಕ್ ಅನ್ನುವ ಸಾಧನವನ್ನು. ಅಮೆರಿಕದ ಸಿರಾಕ್ಯೂಸ್ ಊರಿನ ಚಾರ್ಲ್ಸ್ ಬ್ರಾನಾಕ್ 1920ರ ದಶಕದಲ್ಲಿ ಇದನ್ನು ಮಾಡಿದ. ಅವನ ತಂದೆಗೆ ಬೂಟಿನ ಅಂಗಡಿ ಇತ್ತು. ಮೊದಲ ಮಾದರಿಯನ್ನು ಅವನು ಮಕ್ಕಳ ಆಟಿಕೆಯ ಲೋಹದ ತುಂಡುಗಳನ್ನು ಜೋಡಿಸಿ ಕಟ್ಟಿದ್ದನಂತೆ. ಅದಕ್ಕೂ ಮೊದಲು ಉದ್ದ ಅಗಲ ನೋಡುವ ಮರದ ಪಟ್ಟಿ ಬಳಕೆಯಲ್ಲಿತ್ತು. ಬ್ರಾನಾಕ್ ತಟ್ಟೆಯಲ್ಲಿ ಹಿಮ್ಮಡಿ ಕೂರುವ ಬಟ್ಟಲು, ಅಗಲಕ್ಕೆ ಸರಿಯುವ ಪಟ್ಟಿ, ಇವುಗಳ ಜೊತೆ ಒಳಬದಿಯಲ್ಲಿ ಸರಿಯುವ ಒಂದು ಸಣ್ಣ ಮುಳ್ಳು ಇರುತ್ತದೆ. ಗಂಟನ್ನು ಅಳೆಯುವುದು ಆ ಮುಳ್ಳು.

ಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಿ. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುವ ಪ್ಲಾಸ್ಟಿಕ್ ಅಳತೆಪಟ್ಟಿಗಳಲ್ಲಿ ಎಷ್ಟೋ ಬರೀ ಬೆರಳ ತುದಿ ನೋಡುವಂಥವು. ಒಳಬದಿಗೆ ಸರಿಯುವ ಮುಳ್ಳು ಇಲ್ಲದಿದ್ದರೆ ಅದು ಹೇಳುವುದು ಕಾಗದ ಹೇಳಿದ್ದನ್ನೇ. ಸ್ವಲ್ಪ ನೀಟಾಗಿ ಹೇಳುತ್ತದೆ, ಅಷ್ಟೆ.

ಅಳೆಯುವ ಕ್ರಮ ಹೀಗೆ.

1. ಮುಳ್ಳನ್ನು ಹಿಂದಕ್ಕೆ, ಅಗಲದ ಪಟ್ಟಿಯನ್ನು ಪೂರ್ತಿ ಹೊರಕ್ಕೆ ಸರಿಸಿ. ಕಾಲುಚೀಲ ಇದ್ದರೆ ತೆಳ್ಳಗಿರಲಿ, ಸುಕ್ಕು ಬೇಡ. ಚಪ್ಪಲಿಗಾದರೆ ಬರಿಗಾಲೇ ಸರಿ.

2. ಬಂದವರನ್ನು ನಿಲ್ಲಿಸಿ. ಹಿಮ್ಮಡಿ ಬಟ್ಟಲಿಗೆ ಪೂರ್ತಿ ಒತ್ತಿ ಕೂರಬೇಕು. ಭಾರ ಎರಡೂ ಕಾಲಿನ ಮೇಲೆ ಸಮ ಇರಲಿ. ಅವರು "ಎಷ್ಟ್ ಬಂತು?" ಅಂತ ಬಗ್ಗಿ ನೋಡಿದರೆ ಮತ್ತೆ ಮೊದಲಿಂದ ಮಾಡಿ. ಬಗ್ಗಿದ ಕೂಡಲೇ ಭಾರ ಮುಂದಕ್ಕೆ ಬರುತ್ತದೆ, ಹಿಮ್ಮಡಿ ಬಟ್ಟಲಿನಿಂದ ಬಿಡುತ್ತದೆ.

3. ಬೆರಳನ್ನು ತಟ್ಟೆಗೆ ಮೆಲ್ಲಗೆ ಒತ್ತಿ ಹಿಡಿದು, ನೇರ ಮೇಲಿನಿಂದ ನೋಡಿ, ಅತಿ ಉದ್ದದ ಬೆರಳಿನ ತುದಿಯ ನಂಬರ್ ಓದಿ. ಅದು ಹೆಬ್ಬೆರಳೇ ಆಗಬೇಕಿಲ್ಲ, ಎರಡನೆಯ ಬೆರಳೇ ಉದ್ದ ಇರುವವರು ಬೇಕಾದಷ್ಟು ಜನ ಇದ್ದಾರೆ.

4. ನಿಮ್ಮ ಹೆಬ್ಬೆಟ್ಟನ್ನು ಅವರ ಗಂಟಿನ ಮೇಲೆ ಇಟ್ಟು ಕೀಲು ಎಲ್ಲಿದೆ ಅಂತ ಮೊದಲು ಮುಟ್ಟಿ ನೋಡಿ. ಆಮೇಲೆ ಮುಳ್ಳನ್ನು ಮುಂದಕ್ಕೆ ಸರಿಸಿ. ಮುಳ್ಳಿನ ಒಳಬಾಗಿದ ಅಂಚು ಗಂಟಿನ ದುಂಡಿಗೆ ಸರಿಯಾಗಿ ಕೂತು, ಕೆಳಗಿನ ಹಿಡಿ ಪಾದದ ಬದಿಗೆ ತಾಗಬೇಕು. ಆಗ ಓದುವ ನಂಬರ್ ಗಂಟಿನದು.

5. ಎರಡರಲ್ಲಿ ಯಾವುದು ದೊಡ್ಡದೋ ಅದೇ ಬೂಟಿನ ನಂಬರ್.

6. ಅಗಲ ಕೊನೆಗೆ. ಪಟ್ಟಿಯನ್ನು ಕಿರುಬೆರಳ ಕಡೆಯಿಂದ ಪಾದಕ್ಕೆ ತಾಗಿಸಿ, ಈಗ ತೀರ್ಮಾನವಾದ ನಂಬರಿನ ಎದುರಿಗಿರುವ ಅಗಲ ಓದಿ. ಎರಡರ ನಡುವೆ ಬಂದರೆ, ದಪ್ಪ ಪಾದಕ್ಕೆ ಅಗಲದ್ದು, ತೆಳು ಪಾದಕ್ಕೆ ಕಿರಿದಾದದ್ದು.

ಎರಡೂ ಕಾಲು ಅಳೆಯಿರಿ. ದೊಡ್ಡ ಕಾಲಿಗೆ ತಕ್ಕಂತೆ ಕೊಳ್ಳಿ. ಸಾಧ್ಯವಾದರೆ ಸಂಜೆ ಅಳೆಯಿರಿ, ದಿನವೆಲ್ಲ ನಿಂತ ಕಾಲು ಸ್ವಲ್ಪ ಊದಿರುತ್ತದೆ.

ತಟ್ಟೆಯ ಮೇಲೆ ಅಮೆರಿಕದ ನಂಬರ್ ಕೊರೆದಿದ್ದರೆ ಗಾಬರಿ ಬೇಡ. ನಮ್ಮ ಅಂಗಡಿಗಳಲ್ಲಿ ಓಡುವುದು ಬ್ರಿಟಿಷ್ ನಂಬರ್. ಗಂಡಸರ ಅಳತೆಯಲ್ಲಿ ಅದು ಸುಮಾರು ಒಂದು ಕಡಿಮೆ. ಮಾಸ್ತರಿಗೆ ತಟ್ಟೆ ತೋರಿಸಿದ್ದು ಬೆರಳಿಗೆ ಏಳು, ಗಂಟಿಗೆ ಎಂಟು. ನಮ್ಮ ಲೆಕ್ಕಕ್ಕೆ ಆರು ಮತ್ತು ಏಳು. ಎರಡು ಪದ್ಧತಿಯಲ್ಲೂ ಒಂದು ನಂಬರಿಗೂ ಮುಂದಿನದಕ್ಕೂ ಇಂಚಿನ ಮೂರನೇ ಒಂದು ಪಾಲು, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್ ಅಂತರ. ಈ ಎಂಟೂವರೆಯನ್ನು ನೆನಪಿಟ್ಟುಕೊಳ್ಳಿ, ಕಾಗದದ ತಪ್ಪುಗಳನ್ನು ಇದರ ಜೊತೆ ಹೋಲಿಸಬೇಕು.

ಕಾಗದದ ಮೇಲೆ ಎಳೆದ ಗೆರೆ ಎಲ್ಲಿ ಮೋಸ ಮಾಡುತ್ತದೆ

ಕಾಗದ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮುದ್ದೇಬಿಹಾಳದಲ್ಲಿ ಇರುವವರು ಅಳತೆಗಾಗಿ ಅಥಣಿಗೆ ಬರಲು ಆಗುತ್ತದೆಯೇ? ನಮಗೆ ಬರುವ ಆರ್ಡರುಗಳಲ್ಲಿ ಹೆಚ್ಚಿನವು ಕಾಗದದ ಅಳತೆಯವೇ. ಆದರೆ ಸುಮ್ನೆ ಕಾಲಿಟ್ಟು ಸುತ್ತ ಗೆರೆ ಎಳೆದರೆ ಮೂರು ಕಡೆ ಅಳತೆ ಜಾರುತ್ತದೆ.

ಒಂದನೆಯದು ಪೆನ್ಸಿಲ್ಲೇ. ಸಾಮಾನ್ಯ ಪೆನ್ಸಿಲ್ ಸುಮಾರು 7 ಮಿಲಿಮೀಟರ್ ದಪ್ಪ. ಅದನ್ನು ನೆಟ್ಟಗೆ ಹಿಡಿದರೆ ಸೀಸ ಇರುವುದು ನಡುವೆ, ಅಂದರೆ ಪಾದದ ಅಂಚಿನಿಂದ ಮೂರೂವರೆ ಮಿಲಿಮೀಟರ್ ಹೊರಗೆ. ಹಿಮ್ಮಡಿಯ ಕಡೆ ಮೂರೂವರೆ, ಬೆರಳ ಕಡೆ ಮೂರೂವರೆ, ಒಟ್ಟು 7. ಹತ್ತಿರ ಹತ್ತಿರ ಒಂದು ನಂಬರ್! ಅದೇ ಪೆನ್ಸಿಲ್ಲನ್ನು ಪಾದದ ಕೆಳಗೆ ಓರೆಯಾಗಿ ತೂರಿಸಿದರೆ ಗೆರೆ ಒಳಗೆ ಹೋಗುತ್ತದೆ, ಉದ್ದ ಕಡಿಮೆ ಬರುತ್ತದೆ. ಹಿಮ್ಮಡಿ ನೆಲದಿಂದ ಸ್ವಲ್ಪ ಮೇಲೆ ಹಿಂದಕ್ಕೆ ಉಬ್ಬಿರುತ್ತದೆಯಲ್ಲ, ಅಲ್ಲಿ ಈ ತಪ್ಪು ಜಾಸ್ತಿ. ಒಬ್ಬನೇ ಮನುಷ್ಯ ಒಂದೇ ಗೆರೆಯಲ್ಲಿ ಹಿಮ್ಮಡಿಯ ಹತ್ತಿರ ಓರೆ, ಬೆರಳ ಹತ್ತಿರ ನೆಟ್ಟಗೆ ಹಿಡಿದಿರುತ್ತಾನೆ. ಒಂದು ತಪ್ಪು ಇನ್ನೊಂದನ್ನು ನುಂಗಿ ಅಳತೆ ಸರಿ ಬಂದರೂ ಬರಬಹುದು. ಅದನ್ನು ನಂಬಿಕೊಂಡು ಚರ್ಮ ಕತ್ತರಿಸಲು ಆಗುವುದಿಲ್ಲ.

ಎರಡನೆಯದು, ಗೆರೆಯಲ್ಲಿ ಗಂಟು ಕಾಣುವುದಿಲ್ಲ. ಗೆರೆ ಬರೀ ಒಂದು ದುಂಡು ತಿರುವು. ಅದರ ಅತಿ ಅಗಲದ ಜಾಗವೇ ಗಂಟು ಅಂದುಕೊಳ್ಳುತ್ತೇವೆ. ಅದು ಹತ್ತಿರ ಇರಬಹುದು, ಅಲ್ಲೇ ಇರಬೇಕು ಅಂತಿಲ್ಲ. ಹೆಬ್ಬೆರಳ ಬುಡದ ಮೂಳೆ ಹೊರಕ್ಕೆ ಉಬ್ಬಿದವರಲ್ಲಂತೂ ಉಬ್ಬು ಒಂದು ಕಡೆ, ಕೀಲು ಬಾಗುವುದು ಇನ್ನೊಂದು ಕಡೆ.

ಮೂರನೆಯದು ಕಾಲು ತಿರುಗಿ ನಿಲ್ಲುವುದು. ಇದನ್ನು ಯಾರೂ ಗಮನಿಸುವುದಿಲ್ಲ, ನನಗೂ ಇದು ಹೊಳೆದದ್ದು ತಡವಾಗಿ. ಗಂಟು ಇರುವುದು ಪಾದದ ನಡುಗೆರೆಯ ಮೇಲಲ್ಲ, ಅದರಿಂದ ಒಳಕ್ಕೆ ಸುಮಾರು 45 ಮಿಲಿಮೀಟರ್ ಪಕ್ಕಕ್ಕೆ. ಹೀಗಾಗಿ ಪಾದ ಹತ್ತು ಡಿಗ್ರಿ ತಿರುಗಿದರೆ ಗಂಟು ಸುಮಾರು 8 ಮಿಲಿಮೀಟರ್ ಹಿಂದೆ ಮುಂದೆ ಆಗುತ್ತದೆ. ಐದು ಡಿಗ್ರಿಗೆ 4. ಬೆರಳ ತುದಿಯ ಉದ್ದ ಮಾತ್ರ ಅಷ್ಟೇನೂ ಬದಲಾಗುವುದಿಲ್ಲ, ಅದಕ್ಕೇ ಅನುಮಾನವೇ ಬರುವುದಿಲ್ಲ. ಹತ್ತು ಡಿಗ್ರಿ ಅಂದರೆ ದೊಡ್ಡದೇನಲ್ಲ. ನಾವು ನಿಂತಾಗ ಪಾದ ಹೊರಕ್ಕೆ ತಿರುಗುವುದು ಸಾಮಾನ್ಯವಾಗಿ ಅಷ್ಟೇ.

ಗಂಟನ್ನೂ ಹಿಡಿಯುವಂತೆ ಕಾಗದದಲ್ಲಿ ಅಳೆಯುವುದು

ಒಂದು ಎ4 ಹಾಳೆ, ಒಂದು ಸ್ಟೀಲ್ ಸ್ಕೇಲ್, ತೆಳ್ಳಗಿನ ಬಾಲ್‌ಪೆನ್, ಒಂದು ಎಟಿಎಂ ಕಾರ್ಡು. ಜೊತೆಗೆ ಇನ್ನೊಬ್ಬ ಮನುಷ್ಯ. ತಾನೇ ಬಗ್ಗಿ ತನ್ನ ಕಾಲು ಅಳೆಯುವುದು ಬೇಡ, ಕಾರಣ ಮೇಲೆ ಹೇಳಿದೆ.

ಮೊದಲು ಗೋಡೆ. ಹಾಳೆಯ ಗಿಡ್ಡ ಅಂಚನ್ನು ಗೋಡೆಗೆ ತಾಗಿಸಿ ಟೇಪ್ ಹಚ್ಚಿ. ಗೋಡೆಯ ಬುಡಕ್ಕೆ ಟೈಲ್ಸ್ ಪಟ್ಟಿ ಇದ್ದರೆ ತೊಂದರೆ ಇಲ್ಲ, ಅದನ್ನೇ ಗೋಡೆ ಅಂದುಕೊಳ್ಳಿ. ಹಳೆಯ ಮನೆಗಳಲ್ಲಿ ಮಾತ್ರ ಎಚ್ಚರ. ಅಲ್ಲಿ ಗೋಡೆಯೂ ನೆಲವೂ ಸೇರುವ ಮೂಲೆಯನ್ನು ಸಿಮೆಂಟಿನಿಂದ ದುಂಡಗೆ ಮಾಡಿರುತ್ತಾರೆ. ಹಾಳೆ ಮೇಲಕ್ಕೆ ಮಡಚಿಕೊಳ್ಳುತ್ತದೆ, ಹಿಮ್ಮಡಿ ಗೋಡೆಗೆ ಮುಟ್ಟುವುದೇ ಇಲ್ಲ. ಅಂಥ ಕಡೆ ಭಾರದ ಪೆಟ್ಟಿಗೆಯನ್ನೋ ಕಪಾಟಿನ ಬುಡವನ್ನೋ ಗೋಡೆ ಮಾಡಿಕೊಳ್ಳಿ.

ಕಾಲಿಡುವ ಮುಂಚೆಯೇ ಹಾಳೆಯ ನಡುವೆ, ಗೋಡೆಯಿಂದ ನೇರ ಮುಂದಕ್ಕೆ, ಉದ್ದ ಗೆರೆ ಹಾಕಿ. ಗೋಡೆಯ ಅಂಚಿನಲ್ಲೂ ಎದುರಿನ ಅಂಚಿನಲ್ಲೂ 105 ಮಿಲಿಮೀಟರಿಗೆ ಚುಕ್ಕೆ ಇಟ್ಟು ಸೇರಿಸಿದರೆ ಸಾಕು, ಹಾಳೆಯ ಅಗಲ 210 ಇರುತ್ತದೆ. ಈ ಗೆರೆಯ ಮೇಲೆ ಹಿಮ್ಮಡಿಯ ನಡುಭಾಗವೂ ಎರಡನೆಯ ಬೆರಳೂ ಬರುವಂತೆ ಕಾಲಿಡಿಸಿ. ತಿರುಗುವ ತಪ್ಪು ಇಷ್ಟರಲ್ಲೇ ಹೋಗುತ್ತದೆ.

ಈಗ ಗಂಟು. ಅವರು ಕೂತಿರುವಾಗಲೇ ಹುಡುಕುವುದು ಸುಲಭ. ಒಂದು ಕೈಯಿಂದ ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿ, ಇನ್ನೊಂದು ಕೈಯ ಬೆರಳನ್ನು ಒಳಬದಿಯ ಉಬ್ಬಿನ ಮೇಲೆ ಇಡಿ. ಮುಂದಿನ ಮೂಳೆ ಆಡುತ್ತದೆ, ಹಿಂದಿನದು ಆಡುವುದಿಲ್ಲ. ಇವೆರಡರ ನಡುವೆ ಸಣ್ಣ ತಗ್ಗು ಸಿಗುತ್ತದೆ, ಅದು ಕೀಲಿನ ಗೆರೆ. ಅದರ ಹಿಂದೆಯೇ ದುಂಡಗೆ ಎದ್ದಿರುವ ಮೂಳೆಯ ತಲೆ ಇದೆ. ಆ ದುಂಡಿನ ಅತಿ ಎದ್ದ ಜಾಗದ ಮೇಲೆ, ಚರ್ಮಕ್ಕೇ, ಪೆನ್ನಿನಿಂದ ಚುಕ್ಕೆ ಇಡಿ. ಮೂಳೆ ಹೊರಕ್ಕೆ ಉಬ್ಬಿದವರಲ್ಲಿ ಉಬ್ಬನ್ನು ನಂಬಬೇಡಿ, ಆಡಿಸಿ ಸಿಕ್ಕ ತಗ್ಗನ್ನು ನಂಬಿ, ಅದರ ಸ್ವಲ್ಪ ಹಿಂದೆ ಚುಕ್ಕೆ ಇಡಿ.

ಆಮೇಲೆ ನಿಲ್ಲಿಸಿ. ಹಿಮ್ಮಡಿ ಗೋಡೆಗೆ, ಎರಡನೆಯ ಬೆರಳು ಗೆರೆಯ ಮೇಲೆ, ಕಣ್ಣು ಮುಂದಕ್ಕೆ. ಪೂರ್ತಿ ಸುತ್ತು ಗೆರೆ ಎಳೆಯುವ ಗೋಜೇ ಬೇಡ. ಎಟಿಎಂ ಕಾರ್ಡನ್ನು ನೆಟ್ಟಗೆ ನಿಲ್ಲಿಸಿ ಉದ್ದ ಬೆರಳಿನ ತುದಿಗೆ ತಾಗಿಸಿ, ಕಾರ್ಡಿನ ಬುಡದಲ್ಲಿ ಗೆರೆ ಹಾಕಿ. ಪೆನ್ಸಿಲ್ಲಿನ ದಪ್ಪದ ತಪ್ಪು ಹೋಯಿತು. ಮತ್ತೆ ಕಾರ್ಡನ್ನು ಒಳಬದಿಗೆ ತಂದು ಅದರ ನಿಂತ ಅಂಚು ಚರ್ಮದ ಚುಕ್ಕೆಗೆ ತಾಗುವಂತೆ ಹಿಡಿದು, ಕೆಳಗೆ ಹಾಳೆಯ ಮೇಲೆ ಆ ಅಂಚಿನ ಬುಡಕ್ಕೆ ಗುರುತು ಮಾಡಿ. ಕಿರುಬೆರಳ ಬದಿಯಲ್ಲೂ ಅತಿ ಅಗಲದ ಕಡೆ ಹೀಗೇ ಒಂದು ಗುರುತು.

ಕಾಲು ತೆಗೆಸಿ ಅಳೆಯಿರಿ. ಗೋಡೆಯ ಅಂಚಿನಿಂದ ಬೆರಳ ಗುರುತಿಗೆ ಒಂದು, ಗೋಡೆಯ ಅಂಚಿನಿಂದ ಗಂಟಿನ ಗುರುತಿಗೆ ಇನ್ನೊಂದು. ಎರಡನ್ನೂ ನಡುಗೆರೆಗೆ ಸಮವಾಗಿ, ನೇರ ಮುಂದಕ್ಕೆ ಅಳೆಯಬೇಕು. ಹಿಮ್ಮಡಿಯ ನಡುವಿಂದ ಗಂಟಿಗೆ ಓರೆಯಾಗಿ ಸ್ಕೇಲ್ ಇಟ್ಟರೆ ಉದ್ದ ಜಾಸ್ತಿ ತೋರಿಸುತ್ತದೆ. ಇನ್ನೊಂದು ಸಣ್ಣ ವಿಷಯ. ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆ ತುದಿಯಿಂದಲೇ ಶುರುವಾಗುವುದಿಲ್ಲ, ನಾಲ್ಕೈದು ಮಿಲಿಮೀಟರ್ ಖಾಲಿ ಬಿಟ್ಟಿರುತ್ತಾರೆ. ಬಾದಾಮಿಯಿಂದ ಒಮ್ಮೆ ಒಂದೇ ಮನೆಯ ಐದು ಜನರ ಅಳತೆ ಬಂತು. ಐವರಿಗೂ ಚಪ್ಪಲಿ ಬಿಗಿ ಆಯಿತು. ಐವರ ಕಾಲನ್ನೂ ಅದೇ ಸ್ಕೇಲನ್ನು ಗೋಡೆಗೆ ಒತ್ತಿ ಅಳೆದಿದ್ದರು.

ಹಾಳೆಯ ಫೋಟೋ ಮಾತ್ರ ಕಳಿಸುವವರಿಗೆ ಒಂದು ಮಾತು. ಮೊಬೈಲಿನ ಫೋಟೋದಿಂದ ನೇರ ಅಳತೆ ತೆಗೆಯಲು ಆಗುವುದಿಲ್ಲ. ಓರೆಯಿಂದ ತೆಗೆದರೆ ದೂರದ ತುದಿ ಸಣ್ಣದಾಗುತ್ತದೆ. ಮಿಲಿಮೀಟರುಗಳನ್ನು ಹಾಳೆಯ ಮೇಲೆಯೇ ಬರೆಯಿರಿ. ಜೊತೆಗೆ ಅದೇ ಕಾರ್ಡನ್ನು ಮಗುಚಿ, ನಂಬರ್ ಕಾಣದಂತೆ ಹಾಳೆಯ ಮೇಲಿಟ್ಟು ಅದರ ಸುತ್ತ ಗೆರೆ ಎಳೆಯಿರಿ. ಎಲ್ಲ ಬ್ಯಾಂಕಿನ ಕಾರ್ಡೂ 85.6 ಮಿಲಿಮೀಟರ್ ಉದ್ದ, 54 ಅಗಲ. ನೀವು ಬರೆದ ಸಂಖ್ಯೆಯನ್ನು ನಾವು ಅದರಿಂದ ತಾಳೆ ನೋಡಬಹುದು.

ಎರಡು ಸಂಖ್ಯೆ ಸಿಕ್ಕ ಮೇಲೆ: ಮಾಸ್ತರ ಲೆಕ್ಕ

ಮಾಸ್ತರ ಬಲಗಾಲು, ಈ ಕ್ರಮದಲ್ಲಿ ಕಾಗದದ ಮೇಲೆ ಮತ್ತೆ ಅಳೆದಾಗ: ಬೆರಳ ತುದಿಗೆ 246, ಗಂಟಿಗೆ 186. ಮೊದಲು ಕಳಿಸಿದ್ದ 248ರಲ್ಲಿ ಎರಡು ಮಿಲಿಮೀಟರ್ ಪೆನ್ಸಿಲ್ಲಿನ ಲೆಕ್ಕಕ್ಕೆ ಹೋಯಿತು, ಅದೇನು ದೊಡ್ಡ ತಪ್ಪಲ್ಲ. ಗಂಟು ಇರಲಿಲ್ಲ ಅನ್ನುವುದೇ ದೊಡ್ಡದು.

ಸಾಮಾನ್ಯ ಪಾದದಲ್ಲಿ ಹಿಮ್ಮಡಿಯಿಂದ ಗಂಟಿಗೆ ಇರುವ ದೂರ ಪೂರ್ತಿ ಉದ್ದದ ಸುಮಾರು 73 ಪಾಲು, ನೂರಕ್ಕೆ. ಇದು ಅಂದಾಜಿನ ಸಂಖ್ಯೆ. ಬೂಟಿನ ಅಚ್ಚಿನಿಂದ ಅಚ್ಚಿಗೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ, ಆದರೆ ಕೆಲಸಕ್ಕೆ ಸಾಕು. 246ಕ್ಕೆ ಲೆಕ್ಕ ಹಾಕಿದರೆ ಗಂಟು 180ರ ಹತ್ತಿರ ಇರಬೇಕಿತ್ತು. ಅವರದ್ದು 186. ಆರು ಮಿಲಿಮೀಟರ್ ಮುಂದೆ.

ಆರು ಅಂದರೆ ಎಷ್ಟು? ಒಂದು ನಂಬರಿಗೆ ಪೂರ್ತಿ ಉದ್ದ ಎಂಟೂವರೆ ಹೆಚ್ಚುತ್ತದೆ, ಅದರ 73 ಪಾಲು ಹಾಕಿದರೆ ಗಂಟಿನ ಜಾಗ ಸುಮಾರು 6 ಮುಂದೆ ಹೋಗುತ್ತದೆ. ಅಂದರೆ ಮಾಸ್ತರ ಗಂಟು ಒಂದು ಪೂರ್ತಿ ನಂಬರ್ ಮುಂದಿದೆ. 186ನ್ನು 0.73ರಿಂದ ಭಾಗಿಸಿದರೆ 255 ಬರುತ್ತದೆ, ಅದು ಏಳು ನಂಬರಿನ ಪಾದದ ಉದ್ದ. ತಟ್ಟೆಯೂ ಹೇಳಿದ್ದು ಅದನ್ನೇ.

ನನ್ನ ಅನುಭವದಲ್ಲಿ ಮೂರು ಮಿಲಿಮೀಟರಿನ ಒಳಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಷ್ಟು ಕೈತಪ್ಪು ಅಳತೆಯಲ್ಲೇ ಇರುತ್ತದೆ, ಎರಡು ಸಲ ಅಳೆದು ನೋಡಿ, ನಿಮಗೇ ಗೊತ್ತಾಗುತ್ತದೆ. ನಾಲ್ಕೈದು ದಾಟಿದರೆ ಅದು ಪಾದದ ರೀತಿಯೇ.

ಈಗ ಅವರು ಬೂಟು ಕೊಳ್ಳುವುದಾದರೆ ಏಳು ಕೊಳ್ಳಬೇಕು. ಮುಂದೆ ಸ್ವಲ್ಪ ಜಾಸ್ತಿ ಜಾಗ ಉಳಿಯುತ್ತದೆ, ಉಳಿಯಲಿ. ಬೆರಳು ಗಿಡ್ಡ ಇರುವವರಿಗೆ ಅದು ಇರಲೇಬೇಕಾದ ಖಾಲಿ. ಅಂಗಡಿಯವನು ಬೂಟಿನ ಮೂತಿಯನ್ನು ಹೆಬ್ಬೆಟ್ಟಿನಿಂದ ಒತ್ತಿ "ದೊಡ್ಡದಾತ್ರಿ" ಅಂದರೆ ಕೇಳಬೇಡಿ. ಅವನು ನೋಡುತ್ತಿರುವುದು ಬೆರಳ ತುದಿ ಮಾತ್ರ.

ಉಲ್ಟಾ ಪಾದವೂ ಇದೆ. ಬೆರಳು ಉದ್ದ, ಗಂಟು ಹಿಂದೆ. ಅವರಿಗೆ ಬೆರಳಿನ ಉದ್ದವೇ ದೊಡ್ಡ ಸಂಖ್ಯೆ, ಅದನ್ನೇ ತೆಗೆದುಕೊಳ್ಳಬೇಕು. ಬೆರಳು ಮಡಚಿಕೊಂಡು ನಡೆಯಲು ಆಗುವುದಿಲ್ಲವಲ್ಲ. ಬೂಟಿನ ಬಾಗು ಅವರ ಕೀಲಿಗಿಂತ ಸ್ವಲ್ಪ ಮುಂದೆ ಬೀಳುತ್ತದೆ, ಹಿಮ್ಮಡಿ ಸಡಿಲ ಅನಿಸಬಹುದು. ಇದಕ್ಕೆ ರೆಡಿಮೇಡ್ ಬೂಟಿನಲ್ಲಿ ಪೂರ್ತಿ ಪರಿಹಾರ ಇಲ್ಲ. ದಾರ ಕಟ್ಟುವ ಬೂಟು ತೆಗೆದುಕೊಂಡು ಹಿಮ್ಮಡಿಯನ್ನು ಹಿಂದಕ್ಕೆ ಬಿಗಿದರೆ ಸಂಭಾಳಿಸಬಹುದು.

ಚಪ್ಪಲಿಯಲ್ಲಿ ನಮಗೆ ಇನ್ನೊಂದು ದಾರಿ ಇದೆ. ಏಳು ನಂಬರಿನ ಅಟ್ಟೆ ಹಾಕಿದ್ದರೆ ಮಾಸ್ತರಿಗೆ ಉಂಗುರ ಸರಿಯಾಗುತ್ತಿತ್ತು, ಆದರೆ ಚಪ್ಪಲಿ ಮುಂದೆ ಉದ್ದವಾಗಿ ಚಾಚಿ, ಮೆಟ್ಟಿಲು ಹತ್ತುವಾಗ ಮೂತಿ ತಾಗುತ್ತಿತ್ತು. ಕಾಕಾಗೆ ಎರಡೂ ಸಂಖ್ಯೆ ಹೇಳಿದೆ. ಅವರು ಆರು ನಂಬರಿನ ಅಟ್ಟೆಯನ್ನೇ ತೆಗೆದುಕೊಂಡು, ಉಂಗುರ ಕೂರುವ ಸೀಳನ್ನು 6 ಮಿಲಿಮೀಟರ್ ಮುಂದಕ್ಕೆ ಕೊರೆದರು. ಮೇಲಿನ ಪಟ್ಟಿಯನ್ನೂ ಅಷ್ಟೇ ಮುಂದಕ್ಕೆ ತಂದರು. ಉಂಗುರ ಮಾತ್ರ ಸರಿಸಿ ಪಟ್ಟಿ ಅಲ್ಲೇ ಬಿಟ್ಟರೆ ಅದು ಪಾದದ ಎತ್ತರದ ಕಡೆ ಏರಿ ಕಚ್ಚುತ್ತದೆ.

"ಕಾಗದದಾಗ ಇಷ್ಟ್ ದಿನಾ ಬರೇ ಕಾಲಿನ ನೆರಳ ಬರತಿತ್ತು, ಎಲುಬು ಬರತಿರ್ಲಿಲ್ಲ" ಅಂದರು ಕಾಕಾ, ಉಳಿಯಿಂದ ಕಣ್ಣು ಎತ್ತದೆ.

ನಿಮ್ಮ ಹಳೆಯ ಬೂಟನ್ನೇ ಕೇಳಿ

ತಟ್ಟೆ ಇಲ್ಲ, ಕಾಗದಕ್ಕೆ ಪುರುಸೊತ್ತಿಲ್ಲ ಅಂದರೆ, ಆರು ತಿಂಗಳು ಹಾಕಿದ ಬೂಟು ಸಾಕು. ಒಳಗಿನ ಮೆತ್ತನೆಯ ಹಾಸು ತೆಗೆಯಲು ಬಂದರೆ ತೆಗೆದು ಬೆಳಕಿಗೆ ಹಿಡಿಯಿರಿ. ಹೆಬ್ಬೆರಳ ಗಂಟು ಒತ್ತಿದ ಕಡೆ ದುಂಡಗೆ ತಗ್ಗಾಗಿ, ಕಪ್ಪಾಗಿ, ಕಾಣುತ್ತದೆ. ಆ ತಗ್ಗು ಹಾಸಿನ ಒಳಬದಿಯ ಅತಿ ಅಗಲದ ಜಾಗದಲ್ಲೇ ಇದ್ದರೆ ನಂಬರ್ ಸರಿ. ಅದಕ್ಕಿಂತ ಮುಂದೆ, ಹಾಸು ಕಿರಿದಾಗುವ ಕಡೆ, ಇದ್ದರೆ ನೀವೂ ಮಾಸ್ತರ ಹಾಗೆ. ಮುಂದಿನ ಸಲ ಅರ್ಧ ನಂಬರೋ ಒಂದು ನಂಬರೋ ಮೇಲೆ ಹೋಗಿ ನೋಡಿ.

ಹೊಸ ಬೂಟಾದರೆ ಅಂಗಡಿಯಲ್ಲೇ ಹಾಕಿಕೊಂಡು ದಾರ ಕಟ್ಟಿ, ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲಿ. ಮೇಲೆ ಬೀಳುವ ಮಡಿಕೆಗೆ ಬೆರಳಿಟ್ಟು, ಅದರ ಕೆಳಗೆ ನಿಮ್ಮ ಕೀಲು ಇದೆಯೇ ಮುಟ್ಟಿ ನೋಡಿ. ಮಡಿಕೆ ಕೀಲಿನ ಹಿಂದೆ ಬಿದ್ದು ಪಾದದ ಬೆನ್ನಿಗೆ ಒತ್ತಿದರೆ ಗಂಟಿಗೆ ಬೂಟು ಗಿಡ್ಡ. ಮಡಿಕೆ ಕೀಲಿನ ಮುಂದೆ, ಬೆರಳುಗಳ ಮೇಲೆ ಬಿದ್ದು ಕೊರೆದರೆ ಗಂಟಿಗೆ ಬೂಟು ಉದ್ದ. ಚರ್ಮ ಒಗ್ಗಿದ ಮೇಲೆ ಸರಿಹೋಗುತ್ತದೆ ಅಂತ ಹೇಳುತ್ತಾರೆ. ಚರ್ಮ ಅಗಲಕ್ಕೆ ಒಗ್ಗುತ್ತದೆ ನಿಜ, ಆದರೆ ಅಟ್ಟೆ ಬಾಗುವ ಜಾಗ ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಬರುವುದಿಲ್ಲ.

ಅಂಗಾಲು ಚಪ್ಪಟೆ ಇರುವವರು ಕೂತು ಒಮ್ಮೆ, ನಿಂತು ಒಮ್ಮೆ ಗಂಟಿನ ಉದ್ದ ಅಳೆದು ನೋಡಿ. ನಿಂತಾಗ ಕಮಾನು ಇಳಿದು ಗಂಟು ಮುಂದೆ ಹೋಗುತ್ತದೆ. ವ್ಯತ್ಯಾಸ ಎಷ್ಟೇ ಇರಲಿ, ಬೂಟಿಗೂ ಚಪ್ಪಲಿಗೂ ನಿಂತ ಸಂಖ್ಯೆಯನ್ನೇ ಕೊಡಿ. ಕೂತಾಗಿನದನ್ನು ಹಾಳೆಯ ಮೂಲೆಯಲ್ಲಿ ಬರೆದರೆ ಸಾಕು, ನಾವು ಪಟ್ಟಿಯನ್ನು ಎಷ್ಟು ಬಿಗಿ ಇಡಬೇಕು ಅಂತ ಅದರಿಂದ ಗೊತ್ತಾಗುತ್ತದೆ.

ಮಾಸ್ತರು ಆ ಚಪ್ಪಲಿ ಹಾಕಿಕೊಂಡು ಹೋದ ಮೂರು ವಾರಕ್ಕೆ ಮತ್ತೆ ಫೋನ್ ಮಾಡಿದರು. ಎದೆ ಧಸಕ್ಕೆಂದಿತು.

"ನನ್ನ ಮಗನದೂ ನನ್ನಂಥಾ ಕಾಲ ಐತ್ರಿ. ಕಾಗದ ಕಳಸ್ಲೇನು?"

"ಕಳಸ್ರಿ ಸರ. ಆದ್ರ ಮೊದಲ ಗಂಟಿಗೆ ಚುಕ್ಕಿ ಇಡ್ರಿ."